ಡೆಂಗಿ ರಜೆಯಲ್ಲಿದ್ದೀನಿ, ಆದ್ರೂ ತಪ್ಪು ಮಾಡ್ತಿದ್ದೀನಿ ಅನ್ನಿಸ್ತಿದೆ

ಕೇಳಿದವರು: ಡೆಂಗಿ ಅಂತ ರಿಪೋರ್ಟ್ ಬಂದಿದೆ. ಇವತ್ತು ಐದನೇ ದಿನ, ಬೆಳಿಗ್ಗೆಯಿಂದ ಜ್ವರ ಇಲ್ಲ. ನಮ್ಮ ಟೀಮಲ್ಲಿ ರಾತ್ರಿ ಹತ್ತಕ್ಕೂ ಎಲ್ಲರ ಹೆಸರಿನ ಪಕ್ಕ ಹಸಿರು ಚುಕ್ಕೆ ಇರುತ್ತೆ. ಮ್ಯಾನೇಜರ್ "ಈಗ ಹೇಗಿದೆ?" ಅಂತ ಎರಡು ಸಲ ಕೇಳಿದ್ದಾರೆ. ನಾಟಕ ಅಂದ್ಕೊಂಡ್ರೆ? ಅರ್ಧ ದಿನ ಲಾಗಿನ್ ಆಗ್ಲಾ? ಹೀಗೆ ಆದವರು ಹೇಳಿ.

ಟೀಮ್ ಲೀಡ್, ಬೆಂಗಳೂರು: ಆಗಬೇಡಿ. ನಾನು ಇದೇ ತಪ್ಪನ್ನ ಇದೇ ದಿನ ಮಾಡಿದ್ದೆ.

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಜಾಸ್ತಿ ಎಚ್ಚರ ಬೇಕಾದ ಹೊತ್ತು. ಪ್ಲೇಟ್‌ಲೆಟ್ ತುಂಬಾ ಕುಸಿಯುವುದು, ರಕ್ತನಾಳದಿಂದ ನೀರಿನಂಶ ಸೋರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಲ್ಲಿ, ಅದರ ಮುಂದಿನ ಒಂದೆರಡು ದಿನದಲ್ಲೇ ಆಗುವುದು. ನನಗೆ ಗೊತ್ತಿರಲಿಲ್ಲ. ಐದನೇ ದಿನ ಮೈ ತಣ್ಣಗಾಯಿತು, ಇನ್ನೂ ಮಲಗಿದ್ದರೆ ಜನ ಏನಂದ್ಕೋತಾರೆ ಅಂತ ಲಾಗಿನ್ ಆದೆ. ಮೂರು ಮೀಟಿಂಗ್ ಮುಗಿಸಿದೆ, ನೀರು ಕುಡಿಯುವುದೂ ಮರೆತೆ. ಸಂಜೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ. ರಾತ್ರಿ ಅಡ್ಮಿಟ್ ಮಾಡಿದರು, ಆಗ ಪ್ಲೇಟ್‌ಲೆಟ್ 48,000. ಎರಡು ದಿನದಲ್ಲಿ ಮುಗಿಯಬೇಕಿದ್ದ ರಜೆ ಹನ್ನೊಂದು ದಿನಕ್ಕೆ ಹೋಯಿತು.

ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ, ವಿಪರೀತ ಮಂಪರು, ಇವುಗಳಲ್ಲಿ ಒಂದು ಬಂದರೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮಾತ್ರೆ ನೀವಾಗಿಯೇ ನುಂಗಬೇಡಿ.

ಇನ್ನು ಮ್ಯಾನೇಜರ್ ವಿಷಯ. "ಸ್ವಲ್ಪ ಪರವಾಗಿಲ್ಲ ಸರ್, ನೋಡ್ತೀನಿ, ಸಾರಿ" ಅಂತ ಬರೆದರೆ ಅವರು ನಾಳೆ ಮತ್ತೆ ಕೇಳಲೇಬೇಕಾಗುತ್ತೆ. ಈಗ ನಾನೇ ಎಂಟು ಜನರ ಕೆಲಸ ಹಂಚುವವನು, ನನಗೆ ಕಷ್ಟ ಆಗುವುದು ರಜೆಯಿಂದ ಅಲ್ಲ, ಯಾವಾಗ ಬರ್ತಾರೆ ಅಂತ ಗೊತ್ತಿಲ್ಲದೆ ಇರುವುದರಿಂದ. ಹೀಗೆ ಕಳಿಸಿ: "ಡೆಂಗಿ ದೃಢಪಟ್ಟಿದೆ. ಜ್ವರ ಇಳಿದಿದೆ, ಆದರೆ ಈ ಎರಡು ದಿನ ನಿಗಾ ಬೇಕು. ಶುಕ್ರವಾರದವರೆಗೆ ರಜೆ. ಗುರುವಾರ ರಕ್ತಪರೀಕ್ಷೆ ಆದ ಮೇಲೆ ಸಂಜೆ ತಿಳಿಸುತ್ತೇನೆ. ಬಾಕಿ ಕೆಲಸ ಎರಡು, ಯಾವ ಫೋಲ್ಡರಲ್ಲಿದೆ ಅಂತ ಕೆಳಗೆ ಬರೆದಿದ್ದೇನೆ." ಅಷ್ಟೇ. ಗುರುವಾರ ಸಂಜೆ ಮಾತ್ರ ತಪ್ಪದೆ ತಿಳಿಸಿ.

ಅರ್ಧ ದಿನದ ಲಾಗಿನ್‌ನಲ್ಲಿ ಇನ್ನೊಂದು ತೊಂದರೆ ಇದೆ. ರಜೆಯೂ ಕಳೆಯುತ್ತೆ, ಕೆಲಸವೂ ಆಗಿರುತ್ತೆ. ಮುಂದೆ ನಿಮ್ಮ ಟೀಮಲ್ಲಿ ಇನ್ನೊಬ್ಬರಿಗೆ ಜ್ವರ ಬಂದಾಗ "ಡೆಂಗಿಯಲ್ಲೂ ಲಾಗಿನ್ ಆಗಿದ್ರಲ್ಲಾ" ಅಂತ ನಿಮ್ಮ ಹೆಸರೇ ಹೇಳ್ತಾರೆ.

ಹುಬ್ಬಳ್ಳಿಯವರು: ಇಷ್ಟೆಲ್ಲಾ ಯಾಕ್ರೀ? ವರ್ಷಕ್ಕೆ 12 ದಿನ ಸಿಕ್ ಲೀವ್ ಕಾನೂನಲ್ಲೇ ಐತಿ. ಸರ್ಟಿಫಿಕೇಟ್ ಸುದ್ದಾ ಕೇಳಂಗಿಲ್ಲ. ಸುಮ್ನೆ ಮಲ್ಕೊಳ್ರಿ.

ಟೀಮ್ ಲೀಡ್, ಬೆಂಗಳೂರು: 12 ದಿನ ಅನ್ನುವುದು ಸರಿ ಸರ್, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿದೆ. ಆದರೆ ಅದು ಕಾಯಿಲೆ, ಅಪಘಾತ, ಬೇರೆ ತಕ್ಕ ಕಾರಣ ಎಲ್ಲಕ್ಕೂ ಸೇರಿ. ಸರ್ಟಿಫಿಕೇಟನ್ನ ಬಹಳ ಕಂಪನಿಗಳು ಕೇಳ್ತವೆ. ಡಾಕ್ಟರ ಚೀಟಿ, ರಕ್ತದ ರಿಪೋರ್ಟ್ ಎರಡನ್ನೂ ಇಟ್ಟುಕೊಳ್ಳಿ. ಕಾನೂನು ಗೊತ್ತಿದ್ದರೂ ಆ ಭಯ ಹೋಗಲ್ಲ, ಅದಕ್ಕೇ ಇಷ್ಟು ಬರೆದದ್ದು.

ಗಾರ್ಮೆಂಟ್ಸ್ ಅಕ್ಕ, ಪೀಣ್ಯ: ನಮ್ಮಲ್ಲಿ ಚುಕ್ಕೆ ಇಲ್ಲ, ಮಿಷನ್ ಖಾಲಿ ಇದ್ದರೆ ಇಡೀ ಲೈನಿಗೇ ಕಾಣುತ್ತೆ. ನಾನು ಒಂದು ದಿನ ಹೋಗದಿದ್ದರೆ ಪಕ್ಕದವಳಿಗೆ ಪೀಸ್ ರಾಶಿ ಬೀಳುತ್ತೆ, ಅವಳು ಬೈಸಿಕೊಳ್ತಾಳೆ. ಅಟೆಂಡೆನ್ಸ್ ಬೋನಸ್ಸೂ ಹೋಗುತ್ತೆ. ಟೈಫಾಯ್ಡ್ ಬಂದಾಗ ಆರು ದಿನ ಮಾತ್ರೆ ನುಂಗಿಕೊಂಡೇ ಹೋದೆ. ಏಳನೇ ದಿನ ಕೂತಲ್ಲೇ ಬಿದ್ದೆ. ಆಮೇಲೆ ಇಎಸ್‌ಐ ಡಾಕ್ಟರು ಸರ್ಟಿಫಿಕೇಟ್ ಕೊಟ್ಟರು, ಮೊದಲ ಎರಡು ದಿನ ಬಿಟ್ಟು ಉಳಿದ ದಿನಕ್ಕೆ ಸಂಬಳದ ನೂರಕ್ಕೆ ಎಪ್ಪತ್ತು ಭಾಗ ಬ್ಯಾಂಕಿಗೆ ಬಂತು. ನಿಮ್ಮದು ಅರ್ಧ ಸಂಬಳದ ರಜೆಯಾ ತಮ್ಮಾ?

ಕೇಳಿದವರು: ಇಲ್ಲ ಅಕ್ಕ, ಪೂರ್ತಿ ಸಂಬಳ ಬರುತ್ತೆ. ಅದಕ್ಕೇ ಇನ್ನೂ ಜಾಸ್ತಿ ಸಂಕಟ. ನನ್ನ ಟಿಕೆಟ್‌ಗಳನ್ನ ಪಕ್ಕದ ಡೆಸ್ಕಿನ ಹುಡುಗಿ ನೋಡ್ತಿದ್ದಾಳೆ, ಅವಳ ಮಗುಗೆ ಎಂಟು ತಿಂಗಳು.

ಟೀಮ್ ಲೀಡ್, ಬೆಂಗಳೂರು: ಇದು ಮಾತ್ರ ನಿಜವಾದ ಸಂಕಟ, ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಆ ಟಿಕೆಟ್‌ಗಳನ್ನ ಇಬ್ಬರಿಗೆ ಹಂಚಿ ಅಂತ ಮ್ಯಾನೇಜರ್‌ಗೆ ಅದೇ ಮೆಸೇಜಲ್ಲಿ ಕೇಳಿ. ಹಂಚುವುದು ಅವರ ಕೆಲಸ. ಅಪ್ರೈಸಲ್‌ನಲ್ಲಿ ಇದು ನೆನಪಾಗಲ್ಲ ಅಂತ ನಾನು ಮಾತು ಕೊಡೋಕೆ ಆಗಲ್ಲ, ಕೆಲವು ಕಡೆ ನೆನಪಿಟ್ಟುಕೊಳ್ತಾರೆ.

ಕೇಳಿದವರು: ಕಳಿಸಿದೆ. "ಓಕೆ, ಟೇಕ್ ಕೇರ್" ಅಂತ ಮಾತ್ರ ಬಂತು. ಅದಕ್ಕೆ ಏನರ್ಥ ಅಂತ ಅರ್ಧ ಗಂಟೆಯಿಂದ ಯೋಚಿಸ್ತಿದ್ದೀನಿ. ಅಮ್ಮ ಫೋನ್ ತಗೊಂಡು ಎಳನೀರು ಕೊಡ್ತಿದ್ದಾರೆ. ಗುರುವಾರ ರಿಪೋರ್ಟ್ ಬಂದ ಮೇಲೆ ಬರೀತೀನಿ.