ಸಹಾಯ ಬೇಕು: ಎರಡು ಸಾಲಗಳ ಲೆಕ್ಕ, ಅವಧಿಗೆ ಮೊದಲೇ ತೀರಿಸುವುದಾದರೆ ಯಾವುದು ಸರಿ?

ಮಾನ್ಯರೇ, ಶಿರಸಿಯಲ್ಲಿರುವ ನನ್ನ ಕಿರಾಣಿ ಅಂಗಡಿಗೆ 24 ಕಂತುಗಳಲ್ಲಿ ತೀರಿಸುವಂತೆ 2 ಲಕ್ಷ ರೂಪಾಯಿ ಸಾಲ ಬೇಕಾಗಿದ್ದು, ಎರಡು ಕಡೆ ವಿಚಾರಿಸಿದ್ದೇನೆ.

ಒಂದು ಬ್ಯಾಂಕಿನವರು ಶೇ. 13 ಬಡ್ಡಿಯನ್ನು ಉಳಿದ ಅಸಲಿನ ಮೇಲೆ ಮಾತ್ರ ಹಾಕುತ್ತಾರೆ. ಪ್ರೊಸೆಸಿಂಗ್ ಶುಲ್ಕ ಶೇ. 2, ಅದರ ಮೇಲೆ ಜಿಎಸ್‌ಟಿ ಸೇರಿ 4,720 ರೂಪಾಯಿ. ಫೈನಾನ್ಸ್ ಕಂಪನಿಯೊಂದು ಶುಲ್ಕವಿಲ್ಲದೆ ಶೇ. 9 ಎನ್ನುತ್ತಿದೆ, ಆದರೆ ಅದು ಫ್ಲಾಟ್ ಬಡ್ಡಿ, ಅಂದರೆ ಅಸಲು ಎಷ್ಟೇ ಇಳಿದರೂ ಕೊನೆಯವರೆಗೆ ಪೂರ್ತಿ 2 ಲಕ್ಷಕ್ಕೇ ಬಡ್ಡಿ.

ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಾಗ ಮೊದಲನೆಯದರ ಕಂತು ಸುಮಾರು 9,508 ರೂಪಾಯಿ, ಬಡ್ಡಿ ಮತ್ತು ಶುಲ್ಕ ಸೇರಿ ಖರ್ಚು ಸುಮಾರು 32,900 ರೂಪಾಯಿ ಬಂತು. ಎರಡನೆಯದರ ಕಂತು 9,833, ಬಡ್ಡಿಯೇ 36,000 ರೂಪಾಯಿ. ಕಡಿಮೆ ದರ ಹೇಳಿದ್ದೇ ದುಬಾರಿಯಾಯಿತು.

ಆದರೆ ಅಡಿಕೆ ಮಾರಾಟವಾದ ಮೇಲೆ ಗಿರಾಕಿಗಳ ಉದ್ರಿ ಒಟ್ಟಿಗೆ ವಸೂಲಾಗುವುದರಿಂದ, ಸಾಲವನ್ನು ಒಂದೇ ವರ್ಷದಲ್ಲಿ ತೀರಿಸುವ ಯೋಚನೆಯಿದೆ. ಆಗ ಬ್ಯಾಂಕಿನ ಶುಲ್ಕ ಮರಳಿ ಬರುವುದಿಲ್ಲ; ಫೈನಾನ್ಸಿನವರು ಎರಡನೇ ವರ್ಷದ 18,000 ರೂಪಾಯಿ ಬಡ್ಡಿಯನ್ನು ಬಿಡುತ್ತಾರೋ ಇಲ್ಲವೋ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ, ಅದನ್ನು ಅವರು ಬಾಯಿಮಾತಿನಲ್ಲಷ್ಟೇ ಒಪ್ಪುತ್ತಿದ್ದಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕೊಡಬೇಕಾದ, ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವಿರುವ ವಿವರ ಪತ್ರವನ್ನು ಇಬ್ಬರಿಂದಲೂ ಕೇಳಿದ್ದೇನೆ.

ಫ್ಲಾಟ್ ಬಡ್ಡಿಯ ಸಾಲವನ್ನು ಅವಧಿಗೆ ಮೊದಲೇ ಮುಗಿಸಿದವರು, ಎಷ್ಟು ಬಡ್ಡಿ ಬಿಟ್ಟರು, ಮುಂಗಡ ಮುಕ್ತಾಯದ ಶುಲ್ಕ ಎಷ್ಟು ಹಾಕಿದರು, ಈ ಷರತ್ತು ಕರಾರಿನ ಯಾವ ಭಾಗದಲ್ಲಿತ್ತು ಎಂಬುದನ್ನು ದಯವಿಟ್ಟು ತಿಳಿಸಿ.