ಕುಡಿತ ನಿಂತ ಎರಡನೇ ದಿನದ ನಡುಕ: ನಿಮ್ಮ ವಾರ್ಡಿನಲ್ಲಿ ಹೇಗೆ ನೋಡಿಕೊಳ್ಳುತ್ತೀರಿ?

ಡ್ಯೂಟಿ ಡಾಕ್ಟರ್, ದಾವಣಗೆರೆ: ಮೂಳೆ ಮುರಿದು ಸೇರಿದವರಲ್ಲಿ ಕೆಲವರಿಗೆ ಎರಡನೇ ದಿನ ಕೈನಡುಕ, ಬೆವರು ಶುರುವಾಗುತ್ತದೆ. ಎಲ್ಲರಿಗೂ ಒಂದೇ ಡೋಸ್ ಬರೆಯುತ್ತಿದ್ದೇವೆ. ಅಂಕ ಹಾಕಿ ಔಷಧ ಕೊಟ್ಟ ಅನುಭವ ಯಾರಿಗಾದರೂ ಇದ್ದರೆ ಹೇಳಿ.

ಫಿಸಿಷಿಯನ್, ಚಿತ್ರದುರ್ಗ: ಒಬ್ಬರದ್ದು ಹೇಳುತ್ತೇನೆ. ಮೆಕ್ಕೆಜೋಳದ ಮೂಟೆ ಹೊರುವ ಹಮಾಲಿ, ಕಾಲು ಮುರಿದಿತ್ತು. ದಿನಕ್ಕೆ ಮೂರು ಕ್ವಾರ್ಟರ್, ಕೊನೆಯದು ಭಾನುವಾರ ಸಂಜೆ. ಸೋಮವಾರ ಬೆಳಿಗ್ಗೆ ಕೈ ಚಾಚಿಸಿದರೆ ಬೆರಳ ತುದಿಗಳು ಅದುರುತ್ತಿದ್ದವು, ಹಣೆ ಮೇಲೆ ಬೆವರ ಹನಿ. ಕುಡಿತ ನಿಂತಾಗಿನ ಲಕ್ಷಣಗಳಿಗೆ ಅಂಕ ಹಾಕುವ ಸೀವಾ ಪಟ್ಟಿಯಲ್ಲಿ 67ಕ್ಕೆ 14 ಬಂತು. ಡಯಾಜೆಪಾಮ್ 10 ಮಿಲಿಗ್ರಾಂ ಗುಳಿಗೆ ಕೊಟ್ಟೆವು. ಗಂಟೆ ಬಿಟ್ಟು ನೋಡಿದರೆ 12, ಇನ್ನೊಂದು 10 ಮಿಲಿಗ್ರಾಂ. ಮೂರನೇ ಸಲ 7 ಬಂತು, ನಿಲ್ಲಿಸಿದೆವು. ಆಮೇಲೆ ನಾಲ್ಕು ಗಂಟೆಗೊಮ್ಮೆ ಅಂಕ, 8 ದಾಟಿದರಷ್ಟೇ ಡೋಸ್. ಆ ದಿನ ಒಟ್ಟು 40 ಮಿಲಿಗ್ರಾಂ ಹೋಯಿತು, ಮೂರನೇ ದಿನ ಏನೂ ಬೇಕಾಗಲಿಲ್ಲ. ರೋಗಿ ತೂಕಡಿಸುತ್ತಿದ್ದರೆ ಅಥವಾ ಉಸಿರು ನಿಧಾನವಾಗಿದ್ದರೆ ಅಂಕ ಎಷ್ಟೇ ಇರಲಿ, ಡೋಸ್ ತಡೆದು ಡಾಕ್ಟರನ್ನು ಕರೆಯಬೇಕು. ಲಿವರ್ ಕೆಟ್ಟವರಲ್ಲಿ, ವಯಸ್ಸಾದವರಲ್ಲಿ ಡಯಾಜೆಪಾಮ್ ಮೈಯಲ್ಲೇ ಉಳಿದು ಸೇರುತ್ತಾ ಹೋಗುತ್ತದೆ. ಅವರಿಗೆ ನಾನು ಲೋರಾಜೆಪಾಮ್ 1–2 ಮಿಲಿಗ್ರಾಂ ಬರೆಯುತ್ತೇನೆ.

ಸ್ಟಾಫ್ ನರ್ಸ್, ಹರಿಹರ: ನಮ್ಮಲ್ಲೂ ಹೀಗೇ ಸಾರ್. ಬಂದ ಕೂಡಲೇ ಸುಸ್ತಿಗೆ ಗ್ಲೂಕೋಸ್ ಬಾಟಲಿ, ಊಟ ಶುರುವಾದ ಮೇಲೆ ಥಯಾಮಿನ್ ಗುಳಿಗೆ.

ಫಿಸಿಷಿಯನ್, ಚಿತ್ರದುರ್ಗ: ಸಿಸ್ಟರ್, ಥಯಾಮಿನ್ ಕೊಡುವುದು ಸರಿ, ಆದರೆ ಮೊದಲು ಅದೇ ಹೋಗಬೇಕು. ಮೈಯಲ್ಲಿ ಉಳಿದ ಚೂರುಪಾರು ಥಯಾಮಿನ್ನನ್ನೂ ಗ್ಲೂಕೋಸ್ ಖರ್ಚು ಮಾಡಿಬಿಡುತ್ತದೆ. ಶುಗರ್ ಇಳಿದಿದ್ದರೆ ಮಾತ್ರ ಕಾಯಬೇಡಿ, ಎರಡನ್ನೂ ಒಟ್ಟಿಗೆ ಕೊಡಿ. ಕುಡಿಯುವವರ ಕರುಳು ಗುಳಿಗೆಯನ್ನು ಸರಿಯಾಗಿ ಹೀರುವುದಿಲ್ಲ, ಹಾಗಾಗಿ ಇಂಜೆಕ್ಷನ್ನೇ ಬೇಕು. ನಾವು ದಿನಕ್ಕೆ 200–300 ಮಿಲಿಗ್ರಾಂ, ಮೂರರಿಂದ ಐದು ದಿನ ಕೊಡುತ್ತೇವೆ. ಗೊಂದಲ, ಕಣ್ಣಗುಡ್ಡೆಯ ಅದುರು, ತೂರಾಟ, ಇವುಗಳಲ್ಲಿ ಒಂದು ಕಂಡರೂ ಥಯಾಮಿನ್ ಕೊರತೆಯಿಂದ ಮೆದುಳಿಗೆ ಬರುವ ವರ್ನಿಕೆ ಕಾಯಿಲೆ ಎಂದೇ ಹಿಡಿದು 500 ಮಿಲಿಗ್ರಾಂ ಅನ್ನು 100 ಎಂಎಲ್ ಸಲೈನಿನಲ್ಲಿ ಅರ್ಧ ಗಂಟೆ ಇಳಿಸಿ, ದಿನಕ್ಕೆ ಮೂರು ಸಲ, ಮೂರು ದಿನ. ಕಾಲು ಮುರಿದವರನ್ನು ನಡೆಸಿ ನೋಡಲಾಗದು, ಆದ್ದರಿಂದ ಕಣ್ಣನ್ನು ತಪ್ಪದೆ ನೋಡಿ.

ರೋಗಿಯ ತಮ್ಮ, ಹಿರಿಯೂರು: ನಮ್ಮಣ್ಣ ಬಿಡ್ತೀನಿ ಅಂತಾನೆ. ಹೋದ ಸಲ ಬಿಟ್ಟಾಗ ಫಿಟ್ಸ್ ಬಂದಿತ್ತು. ಈ ಗುಳಿಗೆ ತಂದು ಮನೆಯಲ್ಲೇ ಕೊಡಬಹುದಾ?

ಫಿಸಿಷಿಯನ್, ಚಿತ್ರದುರ್ಗ: ಬೇಡಪ್ಪಾ, ಮನೆಯಲ್ಲಿ ಬೇಡ. ದಿಢೀರನೆ ನಿಲ್ಲಿಸುವುದೂ ಬೇಡ. ಮೊದಲು ಆಸ್ಪತ್ರೆಗೆ ಸೇರಿಸಿ, ಅಲ್ಲಿ ಬಿಡಿಸೋಣ. ಫಿಟ್ಸ್ ಬಂದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೇ. ಒಮ್ಮೆ ಬಂದವರಿಗೆ ವಾರ್ಡಿನಲ್ಲೂ ನಾವು ಅಂಕಕ್ಕೆ ಕಾಯುವುದಿಲ್ಲ, ಹೊತ್ತಿಗೆ ಸರಿಯಾಗಿ ಡೋಸ್ ಕೊಟ್ಟು ದಿನದಿನಕ್ಕೆ ಇಳಿಸುತ್ತೇವೆ.

ಸ್ಟಾಫ್ ನರ್ಸ್, ಹರಿಹರ: ಸಾರ್, ರಾತ್ರಿ 40 ಬೆಡ್ಡಿಗೆ ನಾನೊಬ್ಬಳೇ. ಗಂಟೆಗೊಮ್ಮೆ ಅಂಕ ಹೇಗೆ ಹಾಕಲಿ? ಮುರಿದ ಕಾಲಿನ ನೋವಿಗೂ ಬೆವರುತ್ತಾರೆ, ಚಡಪಡಿಸುತ್ತಾರೆ, ಅಂಕ ಏರುತ್ತದೆ.

ಫಿಸಿಷಿಯನ್, ಚಿತ್ರದುರ್ಗ: ಮೊದಲು ನೋವು ಇಳಿಸಿ, ಆಮೇಲೆ ಅಂಕ ಹಾಕಿ. ಬಡಬಡಿಸುವ ರೋಗಿಗೆ ಸೀವಾ ನಡೆಯುವುದೇ ಇಲ್ಲ, ಏಕೆಂದರೆ ಅದು ಅವರ ಉತ್ತರವನ್ನೇ ನೆಚ್ಚಿದೆ. ತಲೆಗೆ ಪೆಟ್ಟಾಗಿದೆಯೇ, ಜ್ವರ ಇದೆಯೇ ಎಂದೂ ನೋಡಬೇಕು. ಒಬ್ಬರೇ ಇರುವ ರಾತ್ರಿಗೆ ನಿಗದಿ ಡೋಸೇ ವಾಸಿ ಎನ್ನುವ ಸಹೋದ್ಯೋಗಿಗಳಿದ್ದಾರೆ. ಮಲಗಿದವರನ್ನು ಎಬ್ಬಿಸಿ ಗುಳಿಗೆ ನುಂಗಿಸುವುದನ್ನು ಕಂಡಿರುವ ನನಗೆ ಅದಿನ್ನೂ ಒಪ್ಪಿಗೆಯಾಗಿಲ್ಲ.

ಡ್ಯೂಟಿ ಡಾಕ್ಟರ್, ದಾವಣಗೆರೆ: ನಾಳೆಯಿಂದ ಹಗಲು ಪಾಳಿಯಲ್ಲಿ ಅಂಕ ಶುರು ಮಾಡುತ್ತೇವೆ. ರಾತ್ರಿಯದ್ದು ಸಿಸ್ಟರ್‌ಗಳ ಜೊತೆ ಕೂತು ಮಾತಾಡಬೇಕು.