ಅಪ್ಪನ ವಾಚಲ್ಲಿ ವಾಕಿಂಗ್ ಮಾಡುವಾಗ ನಾಡಿ 118: ಅವರಿಗೆ ಬರೆದ ಕಾಗದ ಸರಿ ಇದೆಯಾ ನೋಡಿ

ಡಬ್ಲಿನ್ ಮಗಳು
ತಲೆ ಕೆಟ್ಟುಹೋಗಿದೆ. ಅಮ್ಮ ಹೋದ ಮೇಲೆ ಅಪ್ಪ ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ, ಅದಕ್ಕೇ ಒಂದು ವಾಚ್ ಕಳಿಸಿದೆ. ವಾಕಿಂಗ್ ಮಾಡುವಾಗ ನಾಡಿ 116, 118 ತೋರಿಸುತ್ತೆ, ರಾತ್ರಿ 50. ಹೆದರಿ ವಾಕಿಂಗೇ ಬಿಟ್ಟುಬಿಟ್ಟಿದ್ದಾರೆ. ರೀಸೆಟ್ ಆಯ್ತು, ಅಪ್‌ಡೇಟೂ ಆಯ್ತು. ಫೋನಲ್ಲಿ ಹೇಳಿದರೆ ಕಿವಿಗೆ ಅರ್ಧ ಬೀಳುತ್ತೆ, ಕಾಗದವಾದರೆ ಜೇಬಲ್ಲಿಟ್ಟುಕೊಂಡು ಓದುತ್ತಾರೆ. ಬರೆದದ್ದು ಇಷ್ಟು:

> ಅಪ್ಪಾ, ವಾಚ್ ಕೆಳಗೆ ಮಿಣುಕುವ ಹಸಿರು ಬೆಳಕಿಗೆ ಹೆದರಬೇಡ. ಅದು ಚರ್ಮದೊಳಗೆ ಹೋಗಿ ವಾಪಸ್ ಬರುತ್ತೆ. ಎದೆ ಬಡಿದಾಗೆಲ್ಲ ಅಲ್ಲಿ ರಕ್ತ ಜಾಸ್ತಿಯಾಗಿ ವಾಪಸ್ ಬರೋ ಬೆಳಕು ಒಂಚೂರು ಕಮ್ಮಿಯಾಗುತ್ತೆ. ವಾಚ್ ಎಣಿಸೋದು ಅದನ್ನೇ. ದೊಡ್ಡ ಸಂಖ್ಯೆ ಈಗಿನ ನಾಡಿ. ಕೆಳಗೆ Resting ಅಂತಿರೋದು ಸುಮ್ನೆ ಕೂತಾಗಿನದು. ಅದು 60ರಿಂದ 100ರ ಒಳಗಿದ್ದರೆ ಸರಿ, ಇಲ್ಲದಿದ್ದರೆ ನಂಗೆ ಫೋನ್ ಮಾಡು.

ಬೆಳಗಿನ ಓಟ
ಪಟ್ಟಿ ಸಡಿಲ ಇರುತ್ತೆ, ಇನ್ನೇನಿಲ್ಲ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ ಬಿಗಿಯಾಗಿ ಕಟ್ಟಲಿ.

ಡಬ್ಲಿನ್ ಮಗಳು
ಹಾಗೇ ಕಟ್ಟಿಸಿದೆ. ಆದರೂ 118.

ಬೆಳಗಿನ ಓಟ
ಇನ್ನೂ ಒಂದು ತೂತು ಬಿಗಿ ಮಾಡಿ. ಎಡಗೈಗೇ ಕಟ್ಟಬೇಕು ಮತ್ತೆ.

ಗೇರ್ ಗುರು
ಎಡಗೈ ಬಲಗೈ ಎಲ್ಲಾ ಸುಳ್ಳು ಗುರು. ಕೈ ವಾಚನ್ನು ನಂಬೋದೇ ತಪ್ಪು. ನಾನು ಎದೆಪಟ್ಟಿ ಕಟ್ಟಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ, 168 ಅಂದ್ರೆ 168. ಸೈಕಲ್ಲಿಗೆ ಬೇರೆ ಮೀಟರ್, ಎರಡೂ ಒಂದೇ ಆ್ಯಪಿಗೆ ಬರುತ್ತೆ. ಫೋಟೋ ಹಾಕ್ಲಾ?

ಬೆಳಗಿನ ಓಟ
ಅವರಪ್ಪ ಬೆಟ್ಟ ಹತ್ತುತ್ತಿಲ್ಲ ಸ್ವಾಮಿ. ಪಟ್ಟಿ ಬಿಗಿ ಮಾಡಿದರೆ ಸಾಕು.

ವಾರ್ಡ್ ಸಿಸ್ಟರ್
ಪಟ್ಟಿ ಬಿಡಿ ಸ್ವಲ್ಪ. ಮೇಡಂ, ಎರಡು ವಿಷಯ ಹೇಳಿ. ಅದೇ ವಾಕಿಂಗಿನಲ್ಲಿ ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ವಾಚ್ ಬರೆದಿದೆ? ಯಾವ ಮಾತ್ರೆ ತಗೋತಾರೆ?

ಡಬ್ಲಿನ್ ಮಗಳು
ಹೆಜ್ಜೆ 117. ಮಾತ್ರೆ ಬಿಪಿಗೆ ಅಷ್ಟೇ, ಮೆಟೊಪ್ರೊಲಾಲ್ 50. ಅದಕ್ಕೂ ವಾಚಿಗೂ ಏನು ಸಂಬಂಧ?

ವಾರ್ಡ್ ಸಿಸ್ಟರ್
ಇದನ್ನ ಮೊದಲೇ ಹೇಳೋದಲ್ವಾ! ಆ ಮಾತ್ರೆ ನಾಡಿಯನ್ನೇ ತಗ್ಗಿಸುತ್ತೆ. ಅದು ತಗೊಂಡೋರಿಗೆ ಬರೀ ವಾಕಿಂಗಿಗೆ 118 ಅಂದ್ರೆ ನಂಗೆ ಅನುಮಾನ. ನಾಡಿಯೂ ಹೆಜ್ಜೆಯೂ ಹೆಚ್ಚುಕಮ್ಮಿ ಒಂದೇ ಬಂದಿದೆ ನೋಡಿ. ಕೈ ಬೀಸಿ ನಡೆದಾಗ ವಾಚ್ ಅಲುಗಾಡುತ್ತೆ, ರಕ್ತವೂ ಅದೇ ತಾಳಕ್ಕೆ ತುಳುಕುತ್ತೆ. ಬಡಿತ ಬಿಟ್ಟು ಹೆಜ್ಜೆ ಎಣಿಸೋಕೆ ಶುರು ಮಾಡುತ್ತೆ. ಬಿಗಿ ಮಾಡಿದರೆ ಕಮ್ಮಿಯಾಗಬಹುದು, ಎಲ್ಲರಿಗೂ ಆಗಲ್ಲ.

ಪರೀಕ್ಷೆ ಸುಲಭ. ಎಂದಿನ ಹಾಗೆ ಹತ್ತು ನಿಮಿಷ ನಡೀಲಿ. ನಿಂತ ತಕ್ಷಣ ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಲಿ, ನಾಲ್ಕರಿಂದ ಗುಣಿಸಲಿ. ಹೆಬ್ಬೆರಳು ಇಡಬಾರದು, ಅದರದೇ ಬಡಿತ ಸಿಗುತ್ತೆ. ತಡ ಮಾಡಿದರೆ ನಾಡಿ ಇಳಿದುಹೋಗುತ್ತೆ. ಆಮೇಲೆ ಕೈ ಬೀಸದೆ, ಹಿಂದೆ ಕಟ್ಟಿಕೊಂಡು ಅದೇ ವೇಗದಲ್ಲಿ ನಡೀಲಿ, ವಾಚ್ ಏನನ್ನುತ್ತೆ ನೋಡಿ.

ಕಾಗದದಲ್ಲಿ ಆ 60–100 ತೆಗೀರಿ. ಅವರಿಗೆ ಅದು ಸರಿಹೊಂದಲ್ಲ. ಮಾತ್ರೆ ಮೇಲಿರೋರಿಗೆ ರಾತ್ರಿ 50 ಬಂದರೆ ಅಷ್ಟಕ್ಕೇ ಗಾಬರಿ ಬೇಡ. ಆದರೆ ತಲೆ ಸುತ್ತು, ಕಣ್ಣು ಕತ್ತಲೆ ಬಂದರೆ ಸಂಖ್ಯೆ ಎಷ್ಟೇ ಇರಲಿ ಡಾಕ್ಟರ್ ಹತ್ತಿರ ಹೋಗಬೇಕು. ಮಾತ್ರೆ ತಾವಾಗೇ ನಿಲ್ಲಿಸೋದಂತೂ ಬೇಡವೇ ಬೇಡ.

ಡಬ್ಲಿನ್ ಮಗಳು
ಪಕ್ಕದ ಮನೆ ಹುಡುಗ ಮಾಡಿಸಿದ. ನಿಂತ ತಕ್ಷಣ 15 ಸೆಕೆಂಡಿಗೆ 21, ಅಂದ್ರೆ 84. ಆಗಷ್ಟೇ ವಾಚಲ್ಲಿ 118 ಇತ್ತು. ಕೈ ಹಿಂದೆ ಕಟ್ಟಿ ನಡೆದಾಗ ವಾಚೂ 88ಕ್ಕೆ ಇಳೀತು! ಕೊನೇ ಸಾಲು ಬದಲಾಯಿಸಿದೆ:

> ನಡೆಯುವಾಗ ಬರೋ ಸಂಖ್ಯೆ ನಂಬಬೇಡ, ಅದು ನಿನ್ನ ಹೆಜ್ಜೆ ಎಣಿಸ್ತಿದೆ. ಅನುಮಾನ ಬಂದರೆ ನಿಂತು ಬೆರಳಿಟ್ಟು ಎಣಿಸು. Restingನಲ್ಲಿ ದಿನಾ ಎಷ್ಟು ಬರುತ್ತೋ ಅದು ನಿನ್ನ ಲೆಕ್ಕ. ಬೇರೆಯವರದ್ದು ಬೇಡ. ತಲೆ ಸುತ್ತಿದರೆ ವಾಚ್ ನೋಡ್ತಾ ಕೂರಬೇಡ, ಡಾಕ್ಟರ್ ಹತ್ತಿರ ಹೋಗು. ನಾಳೆಯಿಂದ ವಾಕಿಂಗ್ ಹೋಗು.

ಇನ್ನೊಂದು. ಮೊನ್ನೆ ಬೆಳಗಿನ ಜಾವ 3 ಗಂಟೆಗೆ ಒಮ್ಮೆ 38 ಬಂದಿದೆ. ಇದೂ ವಾಚಿನ ತಪ್ಪೇನಾ?

ಗೇರ್ ಗುರು
ಎದೆಪಟ್ಟಿ ಇದ್ದಿದ್ರೆ ಗೊತ್ತಾಗ್ತಿತ್ತು.

ವಾರ್ಡ್ ಸಿಸ್ಟರ್
ಮಲಗಿದ್ದೋರಿಗೆ ರಾತ್ರಿಯೆಲ್ಲ ಕಟ್ಟಿ ಅಂತೀರಾ? ಮೇಡಂ, ಇದನ್ನ ಇಲ್ಲಿ ಕೂತು ಹೇಳೋಕಾಗಲ್ಲ. ಕೈ ಮೈ ಕೆಳಗೆ ಒತ್ತಿ ಮಲಗಿದ್ದರೂ ಹಾಗೆ ಬರಬಹುದು. ನಡುವೆ ಕೆಲವು ಬಡಿತಕ್ಕೆ ಬಲ ಕಮ್ಮಿಯಿದ್ದರೆ ವಾಚ್ ಅದನ್ನ ಎಣಿಸದೇ ಬಿಟ್ಟುಬಿಡುತ್ತೆ, ಬೆರಳಿಗೂ ಸಿಗದೇ ಹೋಗಬಹುದು. ನಿಜವಾಗಿಯೂ ಇಳಿದಿರಲೂಬಹುದು. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಆ ಗ್ರಾಫ್ ತೋರಿಸಿ, ಇಸಿಜಿ ತೆಗೀತಾರೆ.

ಮಲೆನಾಡಿಗ
ತೋರಿಸೋಕೆ ಮುಂಚೆ ಒಂದು ಪ್ರಶ್ನೆ. ಆ 3 ಗಂಟೆ ಅಪ್ಪನ ಫೋನಲ್ಲಿ ನೋಡಿದ್ದಾ, ಡಬ್ಲಿನ್‌ನಲ್ಲಿರೋ ನಿಮ್ಮ ಫೋನಲ್ಲಾ? ನಿಮ್ಮದಾದರೆ ಅಲ್ಲಿಯ ಟೈಮ್ ಇರಬಹುದು, ಶಿವಮೊಗ್ಗದಲ್ಲಿ ಆಗಲೇ ಬೆಳಕು ಹರಿದಿರುತ್ತೆ.